ಸೀಟು 5 ಸೆಂಟಿಮೀಟರ್ ಏರಿಸಿದೆ. ಮಂಡಿ ಮುಂದಿನ ನೋವು ಹೋಯಿತು, ಹಿಂದೆ ಶುರುವಾಯಿತು

ಬನಶಂಕರಿ_ಬೆಳಗಿನಜಾವ

ಎಲ್ಲರಿಗೂ ನಮಸ್ಕಾರ. ನನ್ನದು ರೋಡ್ ಸೈಕಲ್, ಕ್ರ್ಯಾಂಕ್, ಅಂದರೆ ಪೆಡಲ್ ಕೂರುವ ತೋಳು, 170 ಎಂಎಂ. ವಾರಕ್ಕೆ ಮೂರು ದಿನ ಕನಕಪುರ ರಸ್ತೆ, ತಿಂಗಳಿಗೊಮ್ಮೆ ನಂದಿ ಬೆಟ್ಟ. ಕೊಂಡಾಗ ಅಂಗಡಿಯವರು ಸೀಟನ್ನು ನನ್ನ ಕಾಲಿನ ತುದಿ ನೆಲಕ್ಕೆ ಮುಟ್ಟುವ ಹಾಗೆ ಕೂರಿಸಿ ಕೊಟ್ಟಿದ್ದರು. "ಸಿಗ್ನಲ್‌ನಲ್ಲಿ ಕಾಲು ಊರಬೇಕಲ್ವಾ ಸರ್" ಅಂದರು. ನನಗೂ ಸರಿ ಅನ್ನಿಸಿತು.

ಎರಡು ತಿಂಗಳಲ್ಲಿ ಮಂಡಿಚಿಪ್ಪಿನ ಹಿಂದೆ, ಅಂದರೆ ಮುಂಭಾಗದಲ್ಲೇ, ಒಂಥರಾ ಮಂದ ನೋವು ಬಂತು. ಮೆಟ್ಟಿಲು ಇಳಿಯುವಾಗ ಜಾಸ್ತಿ. ಸೀಟು ತಗ್ಗಾಗಿದೆ ಎಂದು ಗೆಳೆಯ ಹೇಳಿದ. ಮುಂಗಾಲನ್ನು ಪೆಡಲ್ ಮೇಲಿಟ್ಟು, ಕಾಲು ಹೆಚ್ಚುಕಡಿಮೆ ನೆಟ್ಟಗಾಗುವವರೆಗೂ ಏರಿಸಿದೆ. ಆಮೇಲೆ ಅಳೆದರೆ 67.5 ಇದ್ದದ್ದು 72.5 ಸೆಂಟಿಮೀಟರ್ ಆಗಿತ್ತು. ಕ್ರ್ಯಾಂಕ್ ತಿರುಗುವ ನಡುಬಿಂದುವಿನಿಂದ ಸೀಟಿನ ಮೇಲ್ಭಾಗಕ್ಕೆ, ಸೀಟ್‌ಟ್ಯೂಬಿನ ಜೊತೆಜೊತೆಗೇ ಅಳೆದದ್ದು.

ಮುಂದಿನ ನೋವು ಹತ್ತು ದಿನದಲ್ಲಿ ಮಾಯ. ಆದರೆ ಕಳೆದ ಭಾನುವಾರ ನಂದಿ ಹತ್ತಿ ಬಂದ ಮೇಲೆ ಮಂಡಿಯ ಹಿಂದೆ, ಹೊರಬದಿಯಲ್ಲಿ, ದಾರ ಎಳೆದ ಹಾಗೆ ಬಿಗಿತ. ಬಲಗಡೆ ತೊಡೆಸಂದಿಯಲ್ಲಿ ಪೆಡಲ್ ಮೇಲೆ ಬಂದಾಗಲೆಲ್ಲ ಚುಚ್ಚುತ್ತದೆ. ನನ್ನ ತೊಡೆಸಂದಿಯಿಂದ ನೆಲಕ್ಕೆ 80 ಸೆಂಟಿಮೀಟರ್. ಈಗ ಏರಿಸಲೋ, ಇಳಿಸಲೋ?

ವೈಟ್‌ಫೀಲ್ಡ್_ವನವಾಸ

ಗುರು, ಸೀಟು ಬದಲಾಯಿಸಿ. ನನಗೂ ತೊಡೆಸಂದಿಯಲ್ಲಿ ಹೀಗೇ ಆಗಿತ್ತು. ಮಧ್ಯೆ ತೂತಿರುವ ಅಗಲದ ಸೀಟು ಹಾಕಿಸಿದ ಮೇಲೆ ಆರಾಮ. ಜೆಲ್ ಕವರ್ ಮಾತ್ರ ತಗೋಬೇಡಿ, ಒಂದು ಮಳೆಗಾಲಕ್ಕೇ ಹಾಳಾಗುತ್ತದೆ.

ಬನಶಂಕರಿ_ಬೆಳಗಿನಜಾವ

ಸರ್, ನನಗೆ ಕೂರುವ ಜಾಗದಲ್ಲಿ ನೋವಿಲ್ಲ. ತೊಡೆ ಮೇಲೆ ಬಂದು ಹೊಟ್ಟೆಯ ಹತ್ತಿರ ಮಡಚುವ ಜಾಗದಲ್ಲಿ.

ತುರಹಳ್ಳಿ_ಧೂಳು

ಎತ್ತರದ ಬಗ್ಗೆ ಇಷ್ಟೊಂದು ತಲೆ ಕೆಡಿಸಿಕೊಳ್ಳುವುದು ಬೇಡ. ನಿಮ್ಮ ತುಳಿತವೇ ಸರಿಯಿಲ್ಲ. ಬರೀ ಕೆಳಗೆ ಒತ್ತುತ್ತಿದ್ದೀರಿ, ಅದಕ್ಕೇ ಮಂಡಿಗೆ ಹೊರೆ. ಶೂವನ್ನು ಪೆಡಲಿಗೆ ಕಚ್ಚಿಸುವ ಕ್ಲೀಟ್ ಹಾಕಿಕೊಂಡು ಹಿಂದಿನಿಂದ ಮೇಲಕ್ಕೂ ಎಳೆಯಬೇಕು, ಪೂರ್ತಿ ವೃತ್ತ ಬರಬೇಕು. ಕೆಳಗೆ ಬಂದಾಗ ಹಿಮ್ಮಡಿ ತಗ್ಗಿಸಿ ಒತ್ತಿ. ಇನ್ನೊಂದು: ನಂದಿಯಲ್ಲಿ ದೊಡ್ಡ ಗೇರಿನಲ್ಲಿ ನಿಮಿಷಕ್ಕೆ 55 ಸುತ್ತು ತುಳಿಯುತ್ತಾ ಹತ್ತಿದರೆ ಸೀಟು ಎಲ್ಲಿದ್ದರೂ ಮಂಡಿ ಹೋಗುತ್ತದೆ.

ಹಳೇ_ಚೈನು

ಧೂಳು ಅಣ್ಣ ಕೊನೆಯಲ್ಲಿ ಹೇಳಿದ್ದು ಸರಿ. ಒಂದೇ ವೇಗಕ್ಕೆ ನಿಮಿಷಕ್ಕೆ 55 ಸುತ್ತು ತುಳಿದರೆ, 80ಕ್ಕಿಂತ ಪ್ರತಿ ತುಳಿತದ ಬಲ ಜಾಸ್ತಿ ಬೇಕು. ಆ ಬಲವೆಲ್ಲ ಮಂಡಿಯ ಮೂಲಕವೇ ಹೋಗಬೇಕು. ಉಳಿದ ಎರಡು ಮಾತು ನಾನು ಒಪ್ಪುವುದಿಲ್ಲ.

ಮೇಲಕ್ಕೆ ಎಳೆಯುವುದು ಕೇಳಲು ಚೆನ್ನಾಗಿದೆ. ಬಲ ಅಳೆಯುವ ಪೆಡಲ್ ಹಾಕಿ ನೋಡಿದರೆ, ಒಂದೇ ಸಮನೆ ಓಡಿಸುವಾಗ ನುರಿತವರ ಏರುವ ಕಾಲು ಕೂಡ ಪೆಡಲನ್ನು ಸಾಮಾನ್ಯವಾಗಿ ಎಳೆಯುತ್ತಿರುವುದಿಲ್ಲ. ಸ್ವಲ್ಪ ಕೆಳಗೇ ಒತ್ತುತ್ತಿರುತ್ತದೆ. ಅವರು ಮಾಡುವುದು ಕಾಲಿನ ಭಾರವನ್ನು ಕಡಿಮೆ ಮಾಡುವುದು, ಅಷ್ಟೇ. ಬೇಕೆಂದೇ ಜೋರಾಗಿ ಎಳೆದರೆ ಬಲ ವೃತ್ತದಲ್ಲಿ ಸಮನಾಗಿ ಹಂಚಿಕೊಳ್ಳುತ್ತದೆ ನಿಜ, ಆದರೆ ಅಷ್ಟೇ ಕೆಲಸಕ್ಕೆ ಉಸಿರು ಹೆಚ್ಚು ಬೇಕಾಗುತ್ತದೆ. ಗಡಿಯಾರದ ಮುಳ್ಳಿನ ಲೆಕ್ಕದಲ್ಲಿ ಹೇಳುವುದಾದರೆ ನಿಜವಾದ ಕೆಲಸ ಒಂದು ಗಂಟೆಯಿಂದ ಐದು ಗಂಟೆಯವರೆಗೆ, ಅದರಲ್ಲೂ ಮೂರು ಗಂಟೆಯ ಆಸುಪಾಸಿನಲ್ಲಿ. ಕುಂಡಿಯ ದೊಡ್ಡ ಸ್ನಾಯು ತೊಡೆಯನ್ನು ಕೆಳಗೆ ತಳ್ಳುತ್ತದೆ, ತೊಡೆಯ ಮುಂಭಾಗದ ಸ್ನಾಯು ಮಂಡಿಯನ್ನು ಬಿಡಿಸುತ್ತದೆ.

ಹಿಮ್ಮಡಿ ತಗ್ಗಿಸುವ ಸಲಹೆ ಇವರಿಗಂತೂ ಈಗ ಬೇಡವೇ ಬೇಡ. ಕೆಳಗೆ ಹಿಮ್ಮಡಿ ಇಳಿದರೆ ಕಾಲು ಇನ್ನೂ ಚಾಚಬೇಕಾಗುತ್ತದೆ. ಈಗಾಗಲೇ ಹಿಂಭಾಗ ಎಳೆಯುತ್ತಿದೆ.

ಬನಶಂಕರಿಯವರೇ, ಒಂದು ಅನುಮಾನ. ಮುಂಗಾಲು ಪೆಡಲ್ ಮೇಲಿಟ್ಟು ಕಾಲು ನೆಟ್ಟಗೆ ಮಾಡಿದೆ ಅಂದಿರಿ. ನಿಮ್ಮ ಗೆಳೆಯ ಹೇಳಿದ್ದು ಹಿಮ್ಮಡಿ ಇಟ್ಟು ನೋಡುವ ವಿಧಾನ ಇರಬೇಕು. ಹಿಮ್ಮಡಿಯನ್ನು ಪೆಡಲ್ ಮೇಲಿಟ್ಟಾಗ ಕಾಲು ಪೂರ್ತಿ ನೆಟ್ಟಗಾದರೆ, ಆಮೇಲೆ ಮುಂಗಾಲಿನಲ್ಲಿ ತುಳಿಯುವಾಗ ಮಂಡಿಗೆ ಬೇಕಾದ ಬಾಗು ತಾನಾಗಿ ಉಳಿಯುತ್ತದೆ. ನೀವು ಆ ಉಳಿಕೆಯನ್ನೇ ತಿಂದುಬಿಟ್ಟಿದ್ದೀರಿ.

ಲೆಕ್ಕದ_ಮೇಷ್ಟ್ರು

ಇದು ಎಂಟನೇ ಕ್ಲಾಸಿನ ತ್ರಿಕೋನ ಅಲ್ವಾ? ತೊಡೆ ಒಂದು ಬಾಹು, ಮಂಡಿಯಿಂದ ಕೆಳಗಿನ ಕಾಲು ಇನ್ನೊಂದು, ಸೊಂಟದ ಕೀಲಿನಿಂದ ಪಾದದ ಹರಡಿನವರೆಗಿನ ದೂರ ಮೂರನೆಯದು. ಸೀಟು ಏರಿಸಿದರೆ ಮೂರನೆಯ ಬಾಹು ಉದ್ದವಾಗುತ್ತದೆ. ತೊಡೆ 42, ಮಂಡಿಯಿಂದ ಹರಡಿಗೆ 40 ಸೆಂಟಿಮೀಟರ್ ಎಂದು ಹಿಡಿದೆ. ಪಾದ ಅಲುಗದೆ ಒಂದೇ ಕೋನದಲ್ಲಿದೆ ಅಂದುಕೊಂಡೆ.

ಮೊದಲು ಎತ್ತರದ ಸೂತ್ರ. ಹಳಬರು ಹೇಳುವುದು 80 × 0.883 = 70.6 ಸೆಂಟಿಮೀಟರ್. ಇನ್ನೊಂದು ಸೂತ್ರ ಪೆಡಲ್‌ನಿಂದ ಸೀಟಿಗೆ ಅದೇ 80ರ 109 ಶೇಕಡಾ, ಅಂದರೆ 87.2. ಅದರಲ್ಲಿ ಕ್ರ್ಯಾಂಕಿನ 17 ಕಳೆದರೆ 70.2. ಎರಡೂ ಅಕ್ಕಪಕ್ಕದಲ್ಲೇ ಬಂದವು. ಹಾಗಾಗಿ 70.6ರಲ್ಲಿ ಕೆಳಗೆ ಮಂಡಿ 35 ಡಿಗ್ರಿ ಬಾಗಿರುತ್ತದೆ ಎಂದು ಇಟ್ಟುಕೊಂಡು ಲೆಕ್ಕ ಮಾಡಿದೆ.

ನಿಮ್ಮ ಹಳೆಯ 67.5ರಲ್ಲಿ ಕೆಳಗೆ 47 ಡಿಗ್ರಿ ಬಾಗು, ಮೇಲೆ 120. ಈಗಿನ 72.5ರಲ್ಲಿ ಕೆಳಗೆ 25, ಮೇಲೆ 112. ನನಗೇ ಆಶ್ಚರ್ಯವಾದದ್ದು ಇದು: 5 ಸೆಂಟಿಮೀಟರ್ ಏರಿಸಿದ್ದಕ್ಕೆ ಕೆಳಗೆ 22 ಡಿಗ್ರಿ ಬದಲಾಯಿತು, ಮೇಲೆ ಬರೀ 8. ಕಾಲು ನೆಟ್ಟಗಾಗುತ್ತಾ ಹೋದಂತೆ ಪ್ರತಿ ಸೆಂಟಿಮೀಟರೂ ದುಬಾರಿ. ತಗ್ಗಿನಲ್ಲಿ ಒಂದು ಸೆಂಟಿಮೀಟರಿಗೆ ಸುಮಾರು 4 ಡಿಗ್ರಿ, ಎತ್ತರದಲ್ಲಿ 5ಕ್ಕೂ ಜಾಸ್ತಿ.

ಬನಶಂಕರಿ_ಬೆಳಗಿನಜಾವ

ಮೇಷ್ಟ್ರೇ, ಧನ್ಯವಾದ. ಆದರೆ ಗೊಂದಲ. ಯಾರೋ ಹೇಳಿದರು ಮಂಡಿ ಕೆಳಗೆ 145 ಡಿಗ್ರಿ ಇರಬೇಕು ಅಂತ. ನೀವು 35 ಅನ್ನುತ್ತೀರಿ.

ಲೆಕ್ಕದ_ಮೇಷ್ಟ್ರು

ಎರಡೂ ಒಂದೇ. ಕೆಲವರು ಮಂಡಿಯ ಒಳಕೋನ ಹೇಳುತ್ತಾರೆ, ಕೆಲವರು ನೆಟ್ಟಗಿನ ಕಾಲಿನಿಂದ ಎಷ್ಟು ಬಾಗಿದೆ ಎಂದು ಹೇಳುತ್ತಾರೆ. 180ರಲ್ಲಿ 35 ಕಳೆದರೆ 145.

ಹಳೇ_ಚೈನು

ಲೆಕ್ಕ ಚೆನ್ನಾಗಿದೆ. ಒಂದೇ ಕಡೆ ಎಡವುತ್ತದೆ. ಪಾದ ಅಲುಗುವುದಿಲ್ಲ ಅಂದುಕೊಂಡಿದ್ದೀರಿ. ಸೀಟು ಎತ್ತರವಾದಾಗ ಮೈ ಮೊದಲು ಮಾಡುವ ಕೆಲಸವೇ ಪಾದವನ್ನು ಮುಂದಕ್ಕೆ ಚೂಪು ಮಾಡಿ ಹಿಮ್ಮಡಿ ಎತ್ತುವುದು. ಹರಡಿನಿಂದ ಮುಂಗಾಲಿಗೆ 13 ಸೆಂಟಿಮೀಟರ್ ಅಂತ ಹಿಡಿಯಿರಿ. ಪಾದ 5 ಡಿಗ್ರಿ ಓರೆಯಾದರೆ ಹಿಮ್ಮಡಿ ಒಂದು ಸೆಂಟಿಮೀಟರಿನಷ್ಟು ಏರುತ್ತದೆ. ಅಂದರೆ ಮಂಡಿಗೆ ಸಿಗಬೇಕಿದ್ದ 5 ಡಿಗ್ರಿಯನ್ನು ಪಾದ ನುಂಗಿಬಿಟ್ಟಿತು. ವಿಡಿಯೊದಲ್ಲಿ ಮಂಡಿ 30 ಡಿಗ್ರಿ ತೋರಿಸುತ್ತದೆ, ನೀವು "ಓ, ಸರಿಯಾಗಿದೆ" ಅಂದುಕೊಳ್ಳುತ್ತೀರಿ. ಮೀನಖಂಡ ಮಾತ್ರ ಒಳಗೊಳಗೇ ಬೈಯುತ್ತಿರುತ್ತದೆ.

ಪಾದಕ್ಕೂ ಆಗದೆ ಹೋದಾಗ ಸೊಂಟ ಕೆಲಸಕ್ಕೆ ಇಳಿಯುತ್ತದೆ. ಬಲಗಾಲು ಕೆಳಗೆ ಹೋದಾಗ ಬಲಸೊಂಟ ಜಗ್ಗುತ್ತದೆ, ಎಡಗಾಲಿಗೆ ಎಡಸೊಂಟ. ಆ ಹೊತ್ತಿಗೆ ತೊಡೆಯ ಹಿಂದಿನ ಸ್ನಾಯು ಮಂಡಿಯ ಹಿಂದೆ ಹೊರಬದಿಯಲ್ಲಿ ಅಂಟಿಕೊಳ್ಳುವ ಜಾಗ ಪ್ರತಿ ಸುತ್ತಿಗೂ ಎಳೆತ ತಿನ್ನುತ್ತದೆ. ನಿಮಿಷಕ್ಕೆ 80 ಸಲ. ನೀವು ಹೇಳಿದ ದಾರ ಅದೇ ಇರಬೇಕು.

ಹಾಗಾದರೆ ಮೊದಲಿನ ನೋವು ಯಾಕೆ ಬಂತು? ಸೀಟು ತಗ್ಗಿದ್ದಾಗ ಬಲ ಹಾಕುವ ಹೊತ್ತಿನಲ್ಲಿ, ಮೂರು ಗಂಟೆಯ ಸುತ್ತಮುತ್ತ, ಮಂಡಿ ಇನ್ನೂ ಜಾಸ್ತಿ ಮಡಚಿರುತ್ತದೆ. ಹಾಗೆ ಮಡಚಿದ ಮಂಡಿಯಲ್ಲಿ ತೊಡೆಯ ಸ್ನಾಯು ಎಳೆದರೆ ಚಿಪ್ಪು ತೊಡೆಮೂಳೆಗೆ ಒತ್ತಿಕೊಳ್ಳುತ್ತದೆ. ಮೆಟ್ಟಿಲು ಇಳಿಯುವಾಗ ನೋವು ಜಾಸ್ತಿಯಾಗುವುದೂ ಅದಕ್ಕೇ, ಅಲ್ಲೂ ಬಾಗಿದ ಮಂಡಿಯ ಮೇಲೇ ಭಾರ.

ಕಾಫಿಪುಡಿ

ನಮ್ಮ ಅಮ್ಮನದು ಬೇರೆ ಕಥೆ, ಆದರೂ ಹೇಳುತ್ತೇನೆ. ಅವರಿಗೆ ಹೋದ ವರ್ಷ ಮಂಡಿ ಬದಲಿ ಆಪರೇಷನ್ ಆಯಿತು. ಮನೆಯಲ್ಲಿ ನಿಂತಲ್ಲೇ ತುಳಿಯುವ ಸೈಕಲ್ ಇತ್ತು. ಮೊದಮೊದಲು ಪೆಡಲ್ ಮೇಲೆ ಬರುವಾಗ ಮಂಡಿ ಮಡಚದೆ ಅಲ್ಲೇ ನಿಂತುಬಿಡುತ್ತಿತ್ತು. ಫಿಸಿಯೊ ಹುಡುಗಿ ಬಂದು ಸೀಟು ಏರಿಸಿದಳು. ಆಗಲೂ ಪೂರ್ತಿ ಸುತ್ತಲು ಆಗದಿದ್ದಾಗ ಹಿಂದೆ ಮುಂದೆ ತೂಗಾಡಿಸಿದಳು. ವಾರ ವಾರ ಮಡಚುವುದು ಸಲೀಸಾದ ಹಾಗೆ ಸೀಟನ್ನು ಸ್ವಲ್ಪ ಸ್ವಲ್ಪ ಇಳಿಸಿದಳು. ಅಮ್ಮನಿಗೆ ಸೀಟು ಇಳಿದರೆ ಖುಷಿ, ನಿಮಗೆ ಏರಿದರೆ ಖುಷಿ! ಮೇಷ್ಟ್ರು ಹೇಳಿದ ಹಾಗೆ ಮೇಲೆ ಬರೀ 8 ಡಿಗ್ರಿ ಸಿಗುವುದಾದರೆ ಅಮ್ಮನಿಗೆ ಅದರಿಂದ ಹೇಗೆ ಉಪಯೋಗವಾಯಿತು?

ಹಳೇ_ಚೈನು

ಮೇಡಂ, ಒಳ್ಳೆಯ ಪ್ರಶ್ನೆ. ಅವರಿಗೆ ಬೇಕಿದ್ದದ್ದೇ ಆ ಕೆಲವು ಡಿಗ್ರಿ. ಮಂಡಿ 105 ಮಡಚುತ್ತದೆ, ಪೆಡಲಿಗೆ 110 ಬೇಕು ಅಂದರೆ 5 ಡಿಗ್ರಿಗೇ ಸುತ್ತು ನಿಲ್ಲುತ್ತದೆ. ಮೇಲ್ಗಡೆಯ ಬಾಗನ್ನು ಕಡಿಮೆ ಮಾಡಲು ಇನ್ನೂ ಒಳ್ಳೆಯ ದಾರಿ ಚಿಕ್ಕ ಕ್ರ್ಯಾಂಕು. ಕ್ರ್ಯಾಂಕ್ ಅರ್ಧ ಸೆಂಟಿಮೀಟರ್ ಚಿಕ್ಕದಾದರೆ ಕೆಳಗಿನ ಕೋನ ಹಾಗೇ ಇರಲೆಂದು ಸೀಟನ್ನು ಅರ್ಧ ಏರಿಸುತ್ತೇವೆ. ಮೇಲೆ ಪೆಡಲ್ ಅರ್ಧ ಇಳಿದಿದೆ, ಸೀಟು ಅರ್ಧ ಏರಿದೆ, ಒಟ್ಟು ಒಂದು ಸೆಂಟಿಮೀಟರ್ ಜಾಗ ಸಿಕ್ಕಿತು. ಕೆಳಗೆ ಏನೂ ಕೆಡಲಿಲ್ಲ.

ಬನಶಂಕರಿ_ಬೆಳಗಿನಜಾವ

ಹಾಗಾದರೆ ನನ್ನ ತೊಡೆಸಂದಿ? ಸೀಟು ಏರಿದರೆ ಸೊಂಟ ಕಡಿಮೆ ಮಡಚಬೇಕಲ್ವಾ? ನನಗೆ ಏರಿಸಿದ ಮೇಲೆಯೇ ಚುಚ್ಚುವುದು ಶುರುವಾಯಿತು.

ಲೆಕ್ಕದ_ಮೇಷ್ಟ್ರು

ಅದೇ ತ್ರಿಕೋನದಲ್ಲಿ ಸೊಂಟದ ಕೋನವನ್ನೂ ನೋಡಿದೆ. ಹೆಚ್ಚುಕಡಿಮೆ ಮಂಡಿಯ ಅರ್ಧ. 5 ಸೆಂಟಿಮೀಟರ್ ಏರಿಸಿದಾಗ ಕೆಳಗೆ ತೊಡೆ 11 ಡಿಗ್ರಿ ಹೆಚ್ಚು ಬಿಚ್ಚಿಕೊಂಡಿತು, ಮೇಲೆ 4 ಡಿಗ್ರಿ ಮಾತ್ರ. ನಿಮ್ಮ ಮಾತು ನಿಜ, ಲೆಕ್ಕದ ಪ್ರಕಾರ ನೋವು ಕಡಿಮೆಯಾಗಬೇಕಿತ್ತು.

ಹಳೇ_ಚೈನು

ಹ್ಯಾಂಡಲ್ ಏರಿಸಿದಿರಾ?

ಬನಶಂಕರಿ_ಬೆಳಗಿನಜಾವ

ಇಲ್ಲ. ಅದು ಹಾಗೇ ಇದೆ.

ಹಳೇ_ಚೈನು

ಅಲ್ಲಿದೆ ನೋಡಿ ಒಂದು ಸುಳಿವು. ಸೀಟು 5 ಸೆಂಟಿಮೀಟರ್ ಮೇಲೆ ಹೋಯಿತು, ಕೈ ಹಿಡಿಯುವ ಜಾಗ ಅಲ್ಲೇ ಉಳಿಯಿತು. ಸೊಂಟದಿಂದ ಕೈಗೆ ಸುಮಾರು 70 ಸೆಂಟಿಮೀಟರ್ ದೂರ ಅಂದರೆ ಬೆನ್ನು ಸುಮಾರು 4 ಡಿಗ್ರಿ ಮುಂದಕ್ಕೆ ಬಾಗಬೇಕು. ತೊಡೆ ಬಿಟ್ಟುಕೊಟ್ಟ 4 ಡಿಗ್ರಿಯನ್ನು ಬೆನ್ನು ಬಂದು ತುಂಬಿಬಿಟ್ಟಿತು. ಸೊಂಟದ ಕೋನ ಅಂದರೆ ಬೆನ್ನಿಗೂ ತೊಡೆಗೂ ನಡುವಿನ ಕೋನ. ಬರೀ ಸೀಟು ನೋಡಿದರೆ ಅರ್ಧ ಮಾತ್ರ ಕಾಣುತ್ತದೆ. ಇದರ ಜೊತೆಗೆ ಸೊಂಟ ಎಡಬಲಕ್ಕೆ ಜಗ್ಗುತ್ತಿದ್ದರೆ ಬಲಗಡೆ ಇನ್ನಷ್ಟು ಹಿಂಡಿಕೊಳ್ಳಬಹುದು.

ಇನ್ನೊಂದು ಸಣ್ಣ ವಿಷಯ. ಸೀಟ್‌ಟ್ಯೂಬ್ ಹಿಂದಕ್ಕೆ ಓರೆ ಇರುತ್ತದಲ್ಲ, ಹಾಗಾಗಿ 5 ಏರಿದಾಗ ಸೀಟು ಹಿಂದಕ್ಕೂ ಒಂದೂವರೆಯಷ್ಟು ಹೋಗಿದೆ. ಕೈ ಇನ್ನೂ ದೂರವಾಯಿತು.

ತುರಹಳ್ಳಿ_ಧೂಳು

ಇರಬಹುದು. ಆದರೆ ಬರೀ ಬಲಗಡೆ ಯಾಕೆ? ಬೆನ್ನು ಬಾಗಿದ್ದು ಎರಡೂ ಕಡೆಗೆ ತಾನೆ?

ಹಳೇ_ಚೈನು

ಒಪ್ಪಿದೆ. ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಒಂದು ಕಾಲು ಉದ್ದ ಇರಬಹುದು, ಬಲಸೊಂಟದ ಕೀಲೇ ಬಿಗಿ ಇರಬಹುದು. ಅದನ್ನು ಸೈಕಲ್ ನೋಡಿ ಹೇಳುವುದಕ್ಕೆ ಆಗುವುದಿಲ್ಲ, ಮಂಚದ ಮೇಲೆ ಮಲಗಿಸಿ ತೊಡೆ ಮಡಚಿ ನೋಡಬೇಕು.

ಈಗ ಮಾಡುವ ಕೆಲಸ ಹೇಳುತ್ತೇನೆ. ಹಿಂದಿನ ಚಕ್ರವನ್ನು, ನಿಂತಲ್ಲೇ ತುಳಿಯಲು ಬಿಡುವ ಟ್ರೇನರ್ ಮೇಲೆ ನಿಲ್ಲಿಸಿ. ಇಲ್ಲದಿದ್ದರೆ ಗೆಳೆಯರ ಮನೆಯಲ್ಲಿ ಕೇಳಿ, ಲಾಕ್‌ಡೌನ್‌ನಲ್ಲಿ ಕೊಂಡು ಬಟ್ಟೆ ಒಣಗಿಸಲು ಬಳಸುತ್ತಿರುವವರು ಊರಲ್ಲಿ ಬೇಕಾದಷ್ಟಿದ್ದಾರೆ. ಬಿಗಿಯಾದ ಚಡ್ಡಿ ಹಾಕಿಕೊಳ್ಳಿ, ಟ್ರ್ಯಾಕ್ ಪ್ಯಾಂಟ್ ಬೇಡ. ತೊಡೆಯ ಹೊರಬದಿಯಲ್ಲಿ ಮೇಲೆ ಕೈಗೆ ಸಿಗುವ ಮೂಳೆಯ ಗಂಟು, ಮಂಡಿಯ ಹೊರಬದಿ, ಹರಡಿನ ಗಂಟು, ಈ ಮೂರಕ್ಕೂ ಬಣ್ಣದ ಟೇಪ್ ಚುಕ್ಕಿ ಅಂಟಿಸಿ. ಫೋನನ್ನು ಮೂರು ಮೀಟರ್ ದೂರದಲ್ಲಿ, ಮಂಡಿಯ ಎತ್ತರಕ್ಕೆ, ಸೈಕಲಿಗೆ ನೇರ ಅಡ್ಡಲಾಗಿ ಇಡಿ. ಓರೆ ಇಟ್ಟರೆ ಕೋನ ಸುಳ್ಳು ಹೇಳುತ್ತದೆ. ಐದು ನಿಮಿಷ ತುಳಿದು ಬೆಚ್ಚಗಾದ ಮೇಲೆ ಸ್ಲೋ ಮೋಷನ್‌ನಲ್ಲಿ ತೆಗೆಯಿರಿ.

ಕಾಲು ಅತಿ ಹೆಚ್ಚು ಚಾಚಿದ ಚಿತ್ರ ಆರು ಗಂಟೆಯಲ್ಲಿ ಸಿಗುವುದಿಲ್ಲ. ಕ್ರ್ಯಾಂಕು ಸೀಟ್‌ಟ್ಯೂಬಿನ ನೇರಕ್ಕೆ ಬಂದಾಗ, ಐದೂವರೆ ಹತ್ತಿರ ಇರುತ್ತದೆ. ಹತ್ತು ಸುತ್ತಿನಲ್ಲಿ ಅಳೆದು ಸರಾಸರಿ ತೆಗೆಯಿರಿ. ಆಮೇಲೆ ಹಿಂದಿನಿಂದ ಒಂದು ವಿಡಿಯೊ. ಸೊಂಟದ ಎರಡು ಬದಿಗೂ ಒಂದೊಂದು ಚುಕ್ಕಿ. ಅವು ತಕ್ಕಡಿಯ ಹಾಗೆ ಏರಿಳಿದರೆ ಮಂಡಿಯ ಡಿಗ್ರಿ ಎಷ್ಟೇ ಚೆನ್ನಾಗಿರಲಿ, ಸೀಟು ಎತ್ತರವೇ.

ಇಳಿಸುವುದು ಒಂದೇ ಸಲಕ್ಕೆ ಬೇಡ. ಈಗ 71.5ಕ್ಕೆ ತನ್ನಿ, ಏಕೆಂದರೆ 72.5 ನಿಮಗೆ ಖಂಡಿತ ಜಾಸ್ತಿ. ಅಲ್ಲಿಂದ ಮುಂದೆ 3 ಎಂಎಂ, ಮೂರು ರೈಡು, ಮತ್ತೆ 3 ಎಂಎಂ. ಮಂಡಿ ಊದಿದರೆ, ರಾತ್ರಿ ನಿದ್ದೆ ಕೆಡಿಸಿದರೆ ಅಲೆನ್ ಕೀ ಕೆಳಗಿಟ್ಟು ಡಾಕ್ಟರ ಹತ್ತಿರ ಹೋಗಿ.

ಸೋಮವಾರದ_ಸೈಕಲ್

ನಿಂತ ಸೈಕಲಿನಲ್ಲಿ ಪೆಡಲ್ ಕೆಳಗಿಟ್ಟು ಕೋನಮಾಪಕದಲ್ಲಿ ಅಳೆದರೆ ಸಾಲದಾ? 25ರಿಂದ 35 ಬರಬೇಕು ಅಂತ ಓದಿದ್ದೆ.

ಹಳೇ_ಚೈನು

ಅದು ನಿಂತು ಅಳೆಯುವಾಗಿನ ಸಂಖ್ಯೆ. ತುಳಿಯುವಾಗ ಅದೇ ಎತ್ತರದಲ್ಲಿ ಮಂಡಿ 5 ಡಿಗ್ರಿಯೋ ಅದಕ್ಕೂ ಜಾಸ್ತಿಯೋ ಬಾಗಿರುತ್ತದೆ, ಏಕೆಂದರೆ ಓಡುವ ಪಾದ ನಿಂತ ಪಾದದಂತೆ ಇರುವುದಿಲ್ಲ. ನಿಂತು ಅಳೆದ 30, ಓಡುತ್ತಾ 38 ಆಗಬಹುದು. ಯಾವ ಸಂಖ್ಯೆಯನ್ನು ಹೇಗೆ ಅಳೆದದ್ದು ಎಂದು ತಿಳಿಯದೆ ಬೇರೆಯವರ ಸಂಖ್ಯೆಗೆ ಹೋಲಿಸಬೇಡಿ. ನಾನು ವಿಡಿಯೊದಲ್ಲಿ 33ರಿಂದ 40 ನೋಡುತ್ತೇನೆ. ಇನ್ನೊಬ್ಬರು ಬೇರೆ ಹೇಳಬಹುದು, ಜಗಳ ಆಡುವುದಿಲ್ಲ.

ವೈಟ್‌ಫೀಲ್ಡ್_ವನವಾಸ

ಇಷ್ಟೆಲ್ಲ ಸರಿ, ಸಿಗ್ನಲ್‌ನಲ್ಲಿ ಕಾಲು ಊರುವುದು ಹೇಗೆ? ಸಿಲ್ಕ್ ಬೋರ್ಡ್‌ನಲ್ಲಿ ದಿನಕ್ಕೆ ಇಪ್ಪತ್ತು ಸಲ ನಿಲ್ಲಬೇಕು.

ಲೆಕ್ಕದ_ಮೇಷ್ಟ್ರು

ಸೀಟಿನ ಮೇಲೆ ಕೂತು ಊರಲು ಆಗುವುದೇ ಇಲ್ಲ ಸರ್. ಕ್ರ್ಯಾಂಕಿನ ನಡುಬಿಂದು ನೆಲದಿಂದ 27 ಸೆಂಟಿಮೀಟರ್ ಮೇಲಿದ್ದರೆ, 70.6ಕ್ಕೆ ಇಳಿಸಿದರೂ ಇವರ ಸೀಟು ನೆಲದಿಂದ ಸುಮಾರು 94ರಲ್ಲಿ ನಿಲ್ಲುತ್ತದೆ. ಕಾಲು 80. ಎಲ್ಲಿಂದ ತರುವುದು ಆ 14?

ಹಳೇ_ಚೈನು

ಕೂತು ಊರಬಾರದು. ನಿಲ್ಲುವಾಗ ಒಂದು ಪೆಡಲ್ ಕೆಳಗಿಟ್ಟು ಅದರ ಮೇಲೆ ಎದ್ದು ನಿಂತು, ಸೀಟಿನಿಂದ ಮುಂದಕ್ಕೆ ಜಾರಿ, ಇನ್ನೊಂದು ಕಾಲು ನೆಲಕ್ಕೆ. ಎರಡು ದಿನ ಖಾಲಿ ರಸ್ತೆಯಲ್ಲಿ ಅಭ್ಯಾಸ ಮಾಡಿ. ಈ ಊರಿನ ಅರ್ಧ ಮಂಡಿನೋವು ಅಂಗಡಿಯಲ್ಲಿ ಕಾಲು ಊರಿಸಿ ನೋಡುವುದರಿಂದಲೇ ಬರುತ್ತದೆ ಅಂತ ನನ್ನ ಅನುಮಾನ.

ಬನಶಂಕರಿ_ಬೆಳಗಿನಜಾವ

ಮೂರು ವಾರದ ವರದಿ.

72.5ರಲ್ಲಿ ವಿಡಿಯೊ ತೆಗೆದೆ. ಮಂಡಿ 31 ಡಿಗ್ರಿ. ನೋಡಿದ ತಕ್ಷಣ "ಇಷ್ಟೇನಾ" ಅನ್ನಿಸಿತು. ಆಮೇಲೆ ಪಾದ ನೋಡಿದೆ, ಭರತನಾಟ್ಯದವರ ಹಾಗೆ ಚೂಪಾಗಿತ್ತು. ಹಿಂದಿನ ವಿಡಿಯೊ ನನ್ನ ಹೆಂಡತಿ ತೆಗೆದಳು, ನಗು ತಡೆಯಲಾಗದೆ ಫೋನ್ ಅಲುಗಾಡಿಸಿದ್ದಾಳೆ. ಸೊಂಟ ನಿಜಕ್ಕೂ ತಕ್ಕಡಿಯೇ.

71.5ರಲ್ಲಿ ಜಗ್ಗುವುದು ಅರ್ಧ ನಿಂತಿತು. 70.9ರಲ್ಲಿ ಪೂರ್ತಿ. ಅಲ್ಲಿ ಮಂಡಿ 36, ಪಾದ ಬಹುತೇಕ ಅಡ್ಡ. ಹಿಂದಿನ ಬಿಗಿತ ಹೋಗಿದೆ. ನಂದಿಯನ್ನು ಸಣ್ಣ ಗೇರಿನಲ್ಲಿ ಹತ್ತಿದೆ, ಮುಂದಿನ ನೋವೂ ಬರಲಿಲ್ಲ. ಸೀಟಿನಿಂದಲೋ ಗೇರಿನಿಂದಲೋ ಗೊತ್ತಿಲ್ಲ, ಎರಡನ್ನೂ ಒಟ್ಟಿಗೆ ಬದಲಾಯಿಸಿಬಿಟ್ಟೆ.

ತೊಡೆಸಂದಿಯ ಚುಚ್ಚು ಕಡಿಮೆಯಾಗಿದೆ, ಹೋಗಿಲ್ಲ. ಹ್ಯಾಂಡಲ್ ಕೆಳಗೆ ಒಂದೂವರೆ ಸೆಂಟಿಮೀಟರಿನ ಸ್ಪೇಸರ್ ಹಾಕಿಸಿದ್ದೇನೆ. ಬಗ್ಗಿ ಹಿಡಿದಾಗ ಮಾತ್ರ ಈಗ ಗೊತ್ತಾಗುತ್ತದೆ, ಅದೂ ಬಲಗಡೆ ಮಾತ್ರ.

ತುರಹಳ್ಳಿ_ಧೂಳು

165ರ ಕ್ರ್ಯಾಂಕ್ ಹಾಕಿ ನೋಡಿ.

ಹಳೇ_ಚೈನು

ದುಡ್ಡು ಹಾಕುವ ಮೊದಲು ಆ ಬಲಸೊಂಟವನ್ನು ಫಿಸಿಯೊಗೆ ತೋರಿಸಿ. ಕೀಲೇ ಬಿಗಿಯಾಗಿದ್ದರೆ ಕ್ರ್ಯಾಂಕಿನಿಂದ ಸಿಗುವುದು ಒಂದೆರಡು ಡಿಗ್ರಿ. ಸಾಕಾಗಬಹುದು, ಸಾಲದೆಯೂ ಇರಬಹುದು. ಅಂದ ಹಾಗೆ 70.9ಕ್ಕೆ ಸೀಟ್‌ಪೋಸ್ಟಿನ ಮೇಲೆ ಟೇಪ್ ಸುತ್ತಿ ಗುರುತು ಮಾಡಿದಿರಾ?

ಬನಶಂಕರಿ_ಬೆಳಗಿನಜಾವ

ಮಾಡಿದ್ದೆ ಸರ್. ನಿನ್ನೆ ತಮ್ಮ ಹಾಲು ತರಲು ಸೈಕಲ್ ತಗೊಂಡು ಹೋದ. ಕಾಲು ಎಟುಕುವುದಿಲ್ಲ ಅಂತ ಸೀಟು ಇಳಿಸಿದ್ದಾನೆ. ಟೇಪು ಟ್ಯೂಬಿನೊಳಗೆ ಹೋಗಿ ಕಿತ್ತುಬಂದಿದೆ. ಮತ್ತೆ ಇಂಚುಟೇಪು ಹುಡುಕುತ್ತಿದ್ದೇನೆ.